60 ಅಂಕಿ, ಅರ್ಧ ಮಾತ್ರ ಸರಿ

ಅವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಫೋನ್ ನೋಡಿದರೆ, ಅಕ್ಕನ ವಾಟ್ಸ್‌ಆ್ಯಪ್ ಚಾಟ್‌ನ ನಡುವೆ ಒಂದು ಸಣ್ಣ ಸಾಲು ಕೂತಿತ್ತು. "Your security code with Akka changed. Tap to learn more." ಓದಿ ಸುಮ್ನೆ ಬಿಟ್ಟೆ. ಮಧ್ಯಾಹ್ನ ಅದೇ ಚಾಟ್‌ಗೆ ಮೆಸೇಜ್ ಬಂತು: "ಹಳೇ ಅಕೌಂಟ್ ಬೇಡ ಕಣೋ, ಇದಕ್ಕೆ ಹಾಕು." ಕೆಳಗೆ ಹೊಸ ಖಾತೆ ನಂಬರು.

ಆಗ ಬೆಳಗಿನ ಸಾಲು ನೆನಪಾಯಿತು. ಅಪ್ಪನ ಹೆಸರಿನಲ್ಲಿದ್ದ ಸೈಟು ಮಾರಿ ಆಗಿತ್ತು. ಅಕ್ಕನ ಪಾಲಿನ 4 ಲಕ್ಷ ನಾನೇ ಕಳಿಸಬೇಕಿತ್ತು. ಅಕ್ಕ ಇರೋದು ದುಬೈಯಲ್ಲಿ, ನಾನು ಶಿವಮೊಗ್ಗದಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇಟ್ಟುಕೊಂಡವನು. ಕೋಡ್ ಬದಲಾದ ದಿನವೇ ಖಾತೆಯೂ ಬದಲಾದರೆ ಯಾರಿಗಾದರೂ ಹೊಟ್ಟೆ ಕಲಸುತ್ತದೆ, ಅಲ್ವಾ?

ಆ ಸಾಲು ನನಗೆ ಕಂಡಿದ್ದೇ ಒಂದು ಪುಣ್ಯ. ವಾಟ್ಸ್‌ಆ್ಯಪ್‌ನಲ್ಲಿ ಅದು ಮೊದಲಿನಿಂದ ಆನ್ ಆಗಿರುವುದಿಲ್ಲ. `Settings`, ಆಮೇಲೆ `Account`, ಅದರೊಳಗೆ `Security notifications` ಅಂತ ಇರುತ್ತದೆ. ಅಲ್ಲಿ ನಾವೇ ಹೋಗಿ ಆನ್ ಮಾಡಬೇಕು. ನಾನು ಹಿಂದೊಮ್ಮೆ ಕುತೂಹಲಕ್ಕೆ ಆನ್ ಮಾಡಿ ಮರೆತಿದ್ದೆ. ದೊಡ್ಡ ಗ್ರೂಪ್‌ಗಳಲ್ಲಿ ಇದರಿಂದ ಸ್ವಲ್ಪ ಕಿರಿಕಿರಿ ಆಗುತ್ತದೆ. ಯಾರೋ ಒಬ್ಬರು ಫೋನ್ ಬದಲಾಯಿಸುತ್ತಲೇ ಇರುತ್ತಾರೆ. ಆದರೂ ಇದು ಆಫ್ ಇರಬಾರದು ಅನ್ನುವುದು ನನ್ನ ಅಭಿಪ್ರಾಯ.

ಕೋಡ್ ಯಾಕೆ ಬದಲಾಗುತ್ತದೆ ಅನ್ನುವುದಕ್ಕೆ ಮೊದಲು ಅದು ಏನು ಅಂತ ಹೇಳುತ್ತೇನೆ. ವಾಟ್ಸ್‌ಆ್ಯಪ್ ಹಾಕಿಕೊಂಡಾಗ ನಮ್ಮ ಫೋನ್ ತನ್ನೊಳಗೇ ಒಂದು ಬೀಗ, ಒಂದು ಕೀಲಿ ತಯಾರಿಸುತ್ತದೆ. ಕೀಲಿ ಫೋನ್ ಬಿಟ್ಟು ಆಚೆ ಹೋಗುವುದಿಲ್ಲ. ಬೀಗ ಮಾತ್ರ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ನಾನು ಅಕ್ಕನಿಗೆ ಬರೆಯುವಾಗ ಸರ್ವರ್ ನನಗೆ ಅಕ್ಕನ ಬೀಗ ಕೊಡುತ್ತದೆ, ನನ್ನ ಫೋನ್ ಅದನ್ನು ಆಧಾರವಾಗಿಟ್ಟುಕೊಂಡು ಮೆಸೇಜ್ ಮುಚ್ಚುತ್ತದೆ. ತೆಗೆಯಲು ಅಕ್ಕನ ಕೀಲಿಯೇ ಬೇಕು, ಹಾಗಾಗಿ ನಡುವೆ ಸರ್ವರ್ ಕೂಡ ಓದಲಾರದು. ವಾಟ್ಸ್‌ಆ್ಯಪ್ ಎಲ್ಲ ಚಾಟ್‌ಗಳಿಗೂ ಈ ವ್ಯವಸ್ಥೆ ತಂದಿದ್ದು 2016ರ ಏಪ್ರಿಲ್‌ನಲ್ಲಿ. ಲೆಕ್ಕಾಚಾರ ಸಿಗ್ನಲ್ ಆ್ಯಪ್‌ನವರದು.

ಒಂದು ಸಂದು ಮಾತ್ರ ಉಳಿಯುತ್ತದೆ. ಸರ್ವರ್ ಕೊಟ್ಟ ಬೀಗ ನಿಜವಾಗಿ ಅಕ್ಕನದೇನಾ? ನಡುವೆ ಯಾರಾದರೂ ತಮ್ಮ ಬೀಗ ತೂರಿಸಿದರೆ? ಅಥವಾ ಯಾರೋ ಒಟಿಪಿ ಹೊಡೆದುಕೊಂಡು ಅಕ್ಕನ ನಂಬರನ್ನು ತಮ್ಮ ಫೋನ್‌ನಲ್ಲಿ ನೋಂದಾಯಿಸಿಕೊಂಡಿದ್ದರೆ? ಇದನ್ನು ನಾವೇ ನೋಡಿಕೊಳ್ಳಲಿ ಅಂತ ಕೊಟ್ಟಿರುವುದೇ ಈ ಕೋಡ್. ನನ್ನ ಬೀಗದಿಂದ 30 ಅಂಕಿ, ಅಕ್ಕನ ಬೀಗದಿಂದ 30 ಅಂಕಿ. ಬೀಗವನ್ನೂ ಫೋನ್ ನಂಬರನ್ನೂ ಸೇರಿಸಿ 5200 ಸಲ ಅರೆದು ಈ ಅಂಕಿ ತೆಗೆಯುತ್ತಾರೆ. ಎರಡನ್ನೂ ಒಂದು ಗೊತ್ತಾದ ಕ್ರಮದಲ್ಲಿ ಜೋಡಿಸುತ್ತಾರೆ, ಹಾಗಾಗಿ ಎರಡೂ ಫೋನ್‌ನಲ್ಲಿ ಒಂದೇ 60 ಅಂಕಿ ಕಾಣಬೇಕು.

ಸರಿ, ನೋಡೇಬಿಡೋಣ ಅಂತ ಚಾಟ್‌ನಲ್ಲಿ ಅಕ್ಕನ ಹೆಸರು ಒತ್ತಿ, `Encryption` ತೆಗೆದೆ. ಮೇಲೆ ಕ್ಯೂಆರ್ ಕೋಡ್, ಕೆಳಗೆ ಐದೈದು ಅಂಕಿಯ 12 ಗುಂಪು. ಇಲ್ಲೇ ನಾನು ಎಡವಿದ್ದು. ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಚಾಟ್‌ಗೆ ಕಳಿಸಿ, "ನಿನ್ನ ಹತ್ರ ಇದೇ ಇದೆಯಾ ನೋಡು" ಅಂತ ಬರೆದೆ. "ಹೂಂ, ಇದೇ ಇದೆ" ಅಂತ ಉತ್ತರ ಬಂತು.

ಒಂದು ನಿಮಿಷ ನಿರಾಳ ಆಯಿತು. ಆಮೇಲೆ ಹೊಳೆಯಿತು, ಈ ಉತ್ತರಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಆ ನಂಬರನ್ನು ಕಳ್ಳನೇ ಹಿಡಿದುಕೊಂಡು ಕೂತಿದ್ದರೂ ಅವನು "ಇದೇ ಇದೆ" ಅಂತಲೇ ಬರೆಯುತ್ತಾನೆ. ಅವನು ಸುಳ್ಳು ಕೂಡ ಹೇಳಬೇಕಾಗಿಲ್ಲ. ಈಗ ನನ್ನ ಫೋನ್ ಮಾತಾಡುತ್ತಿರುವುದು ಅವನ ಬೀಗದ ಜೊತೆಗೇ ಆದ್ದರಿಂದ ಅವನ ಪರದೆಯಲ್ಲೂ ಅದೇ 60 ಅಂಕಿ ಕಾಣುತ್ತಿರುತ್ತದೆ! ಕೋಡ್ ಕೂಡಿತು ಅಂದರೆ ಎರಡು ಫೋನ್ ಸರಿಯಾಗಿ ಕೂಡಿವೆ ಅಂತ ಅಷ್ಟೇ. ಆ ಕಡೆಯ ಫೋನ್ ಹಿಡಿದವರು ಅಕ್ಕನೇ ಅನ್ನುವುದನ್ನು ಬೇರೆ ದಾರಿಯಲ್ಲಿ ತಿಳಿಯಬೇಕು. ಎದುರಿಗೆ ಕೂತು ನೋಡಬೇಕು, ಇಲ್ಲವೇ ಗುರುತಿರುವ ದನಿಯಲ್ಲಿ ಅಂಕಿ ಕೇಳಬೇಕು.

ಸಾದಾ ಐಎಸ್‌ಡಿ ಕಾಲ್ ಮಾಡಿದೆ. ಭಾವನ ನಂಬರಿಗೆ. ಅಕ್ಕನ ನಂಬರ್ ಮೇಲೇ ಅನುಮಾನ ಇರುವಾಗ ಅದಕ್ಕೇ ಕಾಲ್ ಮಾಡುವುದು ಬೇಡ ಅನ್ನಿಸಿತು. ಭಾವ ಫೋನನ್ನು ಅಕ್ಕನ ಕೈಗೆ ಕೊಟ್ಟರು.

"ಅಕ್ಕಾ, ಕೋಡ್ ಬದಲಾಗಿದೆ ಅಂತ ಬಂತು. ಏನಾದ್ರೂ ಮಾಡಿದ್ಯಾ?"

"ನಿನ್ನೆ ಹೊಸ ಫೋನ್ ತಗೊಂಡ್ವಿ ಕಣೋ. ಅದಕ್ಕೇನೀಗ?"

ಕಾರಣ ಸಿಕ್ಕಿತು. ಹೊಸ ಫೋನ್ ಅಂದರೆ ಹೊಸ ಬೀಗ, ಹೊಸ ಕೀಲಿ. ಆ್ಯಪ್ ತೆಗೆದು ಮತ್ತೆ ಹಾಕಿದರೂ ಹೀಗೇ ಆಗುತ್ತದೆ. ಕಂಪ್ಯೂಟರ್ ಜೋಡಿಸಿದರೆ ಅಥವಾ ಬಿಡಿಸಿದರೆ ಕೂಡ ಬದಲಾಗಬಹುದು. ಹೆಚ್ಚಿನ ಸಲ ಇಷ್ಟೇ ಸಂಗತಿ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೇಗೂ ಕಾಲ್ ಹಚ್ಚಿದ್ದೇನೆ, ಅಂಕಿಯನ್ನೂ ನೋಡಿಬಿಡೋಣ ಅಂತ ಅವಳ ಫೋನ್‌ನಲ್ಲಿ ನನ್ನ ಚಾಟ್‌ನ `Encryption` ತೆಗೆಸಿದೆ. ಒಂದೊಂದೇ ಗುಂಪು ಅವಳು ಓದುವುದು, ನಾನು ಬೆರಳಿಟ್ಟು ನೋಡುವುದು. ಆರು ಗುಂಪು ಸರಿ ಬಂತು. ಏಳನೆಯದು ಕೂಡಲಿಲ್ಲ. ಎಂಟೂ ಇಲ್ಲ. ಕೊನೆಯ ತನಕ ಒಂದೂ ಇಲ್ಲ. ಅವಳು ಓದಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಕಂಡಿದ್ದು ಈ ಥರ (ಅಂಕಿಗಳು ನಾನು ತೋರಿಸಲು ಹಾಕಿದ್ದು):

```
ನನ್ನ ಫೋನ್:
04417 92358 61070 33946
18825 70291 38290 55613
09784 21467 86035 47152

ಅಕ್ಕನ ಫೋನ್:
04417 92358 61070 33946
18825 70291 71536 02849
64310 95278 13067 58824
```

ನನ್ನ ಎದೆ ಧಸಕ್ಕೆಂದಿತು. ಆದರೆ ಸರಿಯಾಗಿ ಅರ್ಧಕ್ಕೆ ಕಡಿದಿರುವುದು ಕಣ್ಣಿಗೆ ಬಿತ್ತು. ಎರಡನೇ ಸಾಲಿನ ಮಧ್ಯಕ್ಕೆ 30 ಅಂಕಿ ಮುಗಿಯುತ್ತದೆ. ಒಬ್ಬರದು ಅಲ್ಲಿಯವರೆಗೆ, ಇನ್ನೊಬ್ಬರದು ಅಲ್ಲಿಂದ ಮುಂದೆ. ಯಾವ ಅರ್ಧ ಯಾರದು ಅಂತ ತಿಳಿಯುವುದು ಸುಲಭ. ನನ್ನ ಫೋನ್‌ನಲ್ಲೇ ಇನ್ನೊಬ್ಬರ ಚಾಟ್‌ನ ಕೋಡ್ ತೆಗೆದು ನೋಡಿದೆ. ಅಲ್ಲೂ 38290ರಿಂದ ಶುರುವಾಗುವ ಅದೇ ಆರು ಗುಂಪು ಇತ್ತು. ಎಲ್ಲ ಚಾಟ್‌ನಲ್ಲೂ ಬರುವುದು ನಮ್ಮ ಅರ್ಧ. ನೀವೂ ಎರಡು ಚಾಟ್ ತೆಗೆದು ನೋಡಿ, ನಿಮ್ಮ ಅರ್ಧ ಸಿಗುತ್ತದೆ. ಕೆಲವು ಕಡೆ ಮೊದಲ ಅರ್ಧದಲ್ಲಿ ಇರಬಹುದು, ಕೆಲವು ಕಡೆ ಎರಡನೆಯದರಲ್ಲಿ.

ಅಂದರೆ ಅಕ್ಕನ ಬೀಗ ನನಗೆ ಸರಿಯಾಗಿಯೇ ಬಂದಿದೆ. ಅವಳ ಹತ್ತಿರ ಇರುವ ನನ್ನ ಬೀಗವೇ ಬೇರೆ. ನಡುವೆ ಯಾರೋ ಕೂತು ಎರಡೂ ಕಡೆ ಬೀಗ ಬದಲಾಯಿಸಿದ್ದರೆ 12ರಲ್ಲಿ ಒಂದು ಗುಂಪೂ ಕೂಡುತ್ತಿರಲಿಲ್ಲ. ಹಾಗಂತ ಅರ್ಧ ಕೂಡಿದರೆ ಸಾಕು ಅಂತ ಬಿಡುವ ಹಾಗೂ ಇಲ್ಲ, ಕಾರಣ ಸಿಗಲೇಬೇಕು. "ಅಕ್ಕಾ, ನೀನು ತೆಗೆದಿರೋ ಚಾಟ್‌ನಲ್ಲಿ ಫೋನ್ ನಂಬರ್ ಓದು" ಅಂದೆ. ಓದಿದಳು. ಅದು ನನ್ನ ಅಂಗಡಿ ನಂಬರು! ಎರಡು ಸಿಮ್, ಎರಡು ವಾಟ್ಸ್‌ಆ್ಯಪ್. ಅವಳು ಎರಡನ್ನೂ ಒಂದೇ ಹೆಸರಲ್ಲಿ ಸೇವ್ ಮಾಡಿದ್ದಳು. ಸರಿಯಾದ ಚಾಟ್ ತೆಗೆಸಿ ಮತ್ತೆ ಓದಿಸಿದೆ. 12ಕ್ಕೆ 12 ಕೂಡಿತು. "ನಿಂಗೆ ಬೇರೆ ಕೆಲ್ಸ ಇಲ್ವೇನೋ" ಅಂತ ಬೈಸಿಕೊಂಡಿದ್ದೂ ಆಯಿತು.

ಖಾತೆ ನಂಬರನ್ನೂ ಅದೇ ಕಾಲ್‌ನಲ್ಲಿ ಓದಿಸಿಕೊಂಡೆ. ಹಳೇ ಖಾತೆ ಬಳಸದೇ ನಿಂತುಹೋಗಿತ್ತಂತೆ. ಮೊದಲು 1 ರೂಪಾಯಿ ಹಾಕಿ, ಬಂತು ಅಂದ ಮೇಲೆ ಉಳಿದದ್ದು.

ಆಮೇಲೆ ಒಂದೆರಡು ವಿಷಯ ತಲೆ ಕೊರೆಯುತ್ತಾ ಇತ್ತು. ಕೋಡ್ ಬದಲಾದರೂ ವಾಟ್ಸ್‌ಆ್ಯಪ್ ಮೆಸೇಜ್ ಕಳಿಸುವುದನ್ನು ನಿಲ್ಲಿಸುವುದಿಲ್ಲ. ಒಂದೇ ಟಿಕ್‌ನಲ್ಲಿ ನಿಂತಿದ್ದ ಮೆಸೇಜನ್ನು ಕೂಡ ಹೊಸ ಬೀಗ ಹಾಕಿ ಹೊಸ ಫೋನ್‌ಗೆ ತಲುಪಿಸುತ್ತದೆ. ಎಚ್ಚರಿಕೆ ಬರುವುದು ಅದರ ಜೊತೆಗೇ, ಮೊದಲಲ್ಲ. ಸಿಗ್ನಲ್‌ನಲ್ಲಿ ಒಮ್ಮೆ ಕೋಡ್ ನೋಡಿ ಖಚಿತ ಅಂತ ಗುರುತು ಹಾಕಿದ್ದರೆ, ಬದಲಾದಾಗ ಕಳಿಸುವ ಮೊದಲೇ ಕೇಳುತ್ತದೆ. ಅದೇ ಸರಿ ಅನ್ನಿಸುತ್ತದೆ. ಆದರೆ ನಮ್ಮ ಮನೆಯವರೆಲ್ಲ ಇರೋದು ವಾಟ್ಸ್‌ಆ್ಯಪ್‌ನಲ್ಲಿ, ಏನು ಮಾಡೋದು. ಹಾಗಾಗಿ ಕೋಡ್ ಬದಲಾದ ಸಾಲು ಕಂಡರೆ, ಅವರ ಜೊತೆ ಮಾತಾಡುವವರೆಗೆ ಆಧಾರ್ ಪ್ರತಿ, ಖಾತೆ ವಿವರ ಯಾವುದನ್ನೂ ಕಳಿಸುವುದಿಲ್ಲ ಅಂತ ನಾನೇ ಒಂದು ಕಟ್ಟು ಹಾಕಿಕೊಂಡಿದ್ದೇನೆ.

ಇನ್ನೊಂದು, ಕೋಡ್ ಕೂಡಿದರೂ ನಮ್ಮದೇ ಮನೆಯ ಕಿಟಕಿ ತೆರೆದಿರಬಹುದು. ಅವತ್ತೇ ನನ್ನ `Linked devices` ತೆಗೆದು ನೋಡಿದೆ. ಅಂಗಡಿಯ ಹಳೇ ಕಂಪ್ಯೂಟರ್ ಅಲ್ಲಿ ಇನ್ನೂ ಇತ್ತು. ಗಿರಾಕಿಗಳು ಪ್ರಿಂಟ್‌ಗೆ ಅಂತ ಕೂರುವ ಕಂಪ್ಯೂಟರ್! ಅಕ್ಕ ಕಳಿಸಿದ್ದೆಲ್ಲ ಅಲ್ಲೂ ತೆರೆದುಕೊಳ್ಳುತ್ತಿತ್ತು. ಲೆಕ್ಕದ ಪ್ರಕಾರ ಅದೂ ನನ್ನದೇ ಸಾಧನ, ಹಾಗಾಗಿ ಕೋಡ್ ಅದರ ಬಗ್ಗೆ ತಕರಾರು ತೆಗೆಯುವುದಿಲ್ಲ. ತಕ್ಷಣ ಲಾಗ್‌ಔಟ್ ಮಾಡಿದೆ. ಬ್ಯಾಕಪ್ ಕೂಡ ಹೀಗೆಯೇ. ಚಾಟ್‌ಗೆ ಬೀಗ ಇದ್ದ ಮಾತ್ರಕ್ಕೆ ಕ್ಲೌಡ್‌ಗೆ ಹೋಗುವ ಬ್ಯಾಕಪ್‌ಗೂ ಅದೇ ಬೀಗ ಇದೆ ಅಂತಲ್ಲ. ಅದನ್ನು `End-to-end encrypted backup` ಅನ್ನುವಲ್ಲಿ ಬೇರೆಯಾಗಿ ಆನ್ ಮಾಡಬೇಕು.

ಗೌರಿ ಹಬ್ಬಕ್ಕೆ ಅಕ್ಕ ಊರಿಗೆ ಬಂದಾಗ ಅಂಕಿ ಓದುವ ಕಷ್ಟ ಇರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಅವಳ ಫೋನ್ ಇಟ್ಟು, ನನ್ನ ಫೋನ್‌ನ `Scan code` ಒತ್ತಿ ಅವಳ ಕ್ಯೂಆರ್ ಮೇಲೆ ಹಿಡಿದೆ. ಹಸಿರು ಟಿಕ್ ಬಂತು. ಎರಡು ಸೆಕೆಂಡಿನ ಕೆಲಸ. ನನ್ನ ಅಂಗಡಿ ನಂಬರಿಗೆ ಅವಳ ಫೋನ್‌ನಲ್ಲಿ ಬೇರೆ ಹೆಸರು ಹಾಕಿಸಿದ್ದೂ ಆಗಲೇ.