ನಿಫ್ಟಿ ಸ್ಟ್ರಾಡಲ್ ಕೊಂಡ ಮೇಲೆ ದಿನಕ್ಕೆ ಎಷ್ಟು ಮೆಟ್ಟಿಲು ಬೇಕು?

ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 21 ವಹಿವಾಟಿನ ದಿನಗಳಿವೆ, ಐವಿ, ಅಂದರೆ ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜು, ವರ್ಷಕ್ಕೆ 12% ಎಂದುಕೊಳ್ಳಿ. 25,000ದ ಕಾಲ್ ಮತ್ತು ಪುಟ್ ಎರಡನ್ನೂ ಕೊಂಡರೆ ಸುಮಾರು 690 ಪಾಯಿಂಟ್ ಪ್ರೀಮಿಯಂ ಹೋಗುತ್ತದೆ. ಸುಮ್ನೆ ಇಟ್ಟುಕೊಂಡರೆ ನಿಫ್ಟಿ ಅಷ್ಟು ದೂರ ಓಡಬೇಕು. ಏರಿದಾಗ ಫ್ಯೂಚರ್ಸ್ ಮಾರಿ, ಇಳಿದಾಗ ಕೊಳ್ಳುವ ಗಾಮಾ ಸ್ಕಾಲ್ಪಿಂಗ್ ಮಾಡುವವರಿಗೆ ಅಷ್ಟು ದೂರ ಬೇಕಿಲ್ಲ. ಮೇಲೆ ಕೆಳಗೆ ಓಡಾಡಿದರೂ ಸಾಕು.

ಮೊದಲು ಲಾಟ್ ಲೆಕ್ಕ. ನಿಫ್ಟಿ ಒಂದು ಪಾಯಿಂಟ್ ಏರಿದರೆ ಸ್ಟ್ರಾಡಲ್ ಬೆಲೆ ಎಷ್ಟು ಬದಲಾಗುತ್ತದೆ ಎಂಬುದೇ ಡೆಲ್ಟಾ, ಕೊಂಡ ಹೊತ್ತಿಗೆ ಅದು ಹೆಚ್ಚುಕಡಿಮೆ ಸೊನ್ನೆ. ನಿಫ್ಟಿ 100 ಪಾಯಿಂಟ್ ಏರಿದರೆ ಒಂದು ಸ್ಟ್ರಾಡಲ್‌ನ ಡೆಲ್ಟಾ ಸುಮಾರು 0.09 ಆಗುತ್ತದೆ. ಫ್ಯೂಚರ್ಸನ್ನು ಕಾಲು ಲಾಟ್, ಅರ್ಧ ಲಾಟ್ ಎಂದು ಮಾರಲು ಬರುವುದಿಲ್ಲ ಅಲ್ವಾ? ಹಾಗಾಗಿ 11 ಲಾಟ್ ಸ್ಟ್ರಾಡಲ್ ಬೇಕು. ಆಗ 100 ಪಾಯಿಂಟಿಗೆ ಸರಿಯಾಗಿ ಒಂದು ಲಾಟ್ ಫ್ಯೂಚರ್ಸ್ ಹೊಂದುತ್ತದೆ. ಒಂದೇ ಲಾಟ್ ಸ್ಟ್ರಾಡಲ್ ಇಟ್ಟುಕೊಂಡು ಈ ಆಟ ನಡೆಯುವುದಿಲ್ಲ. ಸಣ್ಣ ಬಂಡವಾಳದವರು ಇಲ್ಲೇ ನಿಲ್ಲುವುದು ಒಳ್ಳೆಯದು.

ಆಮೇಲೆ ಮೆಟ್ಟಿಲು, ಅಂದರೆ ಫ್ಯೂಚರ್ಸಿನಿಂದ ಡೆಲ್ಟಾವನ್ನು ಮತ್ತೆ ಸೊನ್ನೆಗೆ ತಂದು ಹೆಡ್ಜ್ ಮಾಡುವ ಪ್ರತಿ 100 ಪಾಯಿಂಟಿನ ಅಂತರ. ಕೊನೆಯ ಸಲ ಹೆಡ್ಜ್ ಮಾಡಿದ ಬೆಲೆಯಿಂದ 100 ಏರಿದರೆ ಒಂದು ಲಾಟ್ ಮಾರಿ, 100 ಇಳಿದರೆ ಒಂದು ಲಾಟ್ ಕೊಳ್ಳಿ. ನಡುವೆ ಕೈಹಾಕಬೇಡಿ.

ಒಂದು ದಿನ ಹೀಗಾಯಿತು ಎನ್ನಿ. 25,100ರಲ್ಲಿ ಮಾರಿದಿರಿ, 25,200ರಲ್ಲಿ ಇನ್ನೊಂದು ಮಾರಿದಿರಿ. ಇಳಿಯುತ್ತಾ 25,100, 25,000, 24,900ರಲ್ಲಿ ಒಂದೊಂದು ಕೊಂಡಿರಿ. ಫ್ಯೂಚರ್ಸಿನ ಎರಡು ಜೋಡಿಯಿಂದ 200 ಪಾಯಿಂಟ್ ಬಂತು. ಕೊನೆಯಲ್ಲಿ ಕೊಂಡ ಲಾಟ್ ಕೈಯಲ್ಲೇ ಇದೆ. ಈ ಕಡೆ, 100 ಪಾಯಿಂಟ್ ಇಳಿತದಿಂದ ಸ್ಟ್ರಾಡಲ್‌ಗಳು ಒಟ್ಟು 50 ಪಾಯಿಂಟ್ ಗಳಿಸಿವೆ. ಐದು ಮೆಟ್ಟಿಲಿಗೆ 250, ಅಂದರೆ ಮೆಟ್ಟಿಲಿಗೆ 50. ಈ 50ನ್ನು ನೆನಪಿಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. (ರೂಪಾಯಿ ಬೇಕಿದ್ದರೆ ಲಾಟ್ ಸೈಜಿನಿಂದ ಗುಣಿಸಿ.)

ಈಗ ಥೀಟಾ. ಒಂದು ಸ್ಟ್ರಾಡಲ್ ದಿನಕ್ಕೆ ಸುಮಾರು 16.5 ಪಾಯಿಂಟ್ ಕರಗುತ್ತದೆ. 11ಕ್ಕೆ 181. ಅದನ್ನು 50ರಿಂದ ಭಾಗಿಸಿ: ದಿನಕ್ಕೆ ಸರಾಸರಿ ಮೂರೂವರೆ ಮೆಟ್ಟಿಲು ಬೇಕು. ಬ್ರೋಕರೇಜ್, ಎಸ್‌ಟಿಟಿ, ಸ್ಲಿಪೇಜ್ ಸೇರಿ ಮೆಟ್ಟಿಲಿಗೆ 6 ಪಾಯಿಂಟ್ ಹೋಗುತ್ತದೆ ಎಂದರೆ ನಾಲ್ಕು ದಾಟಬೇಕು. ನಿಮ್ಮ ನಿಜವಾದ ಖರ್ಚನ್ನು ಕಾಂಟ್ರಾಕ್ಟ್ ನೋಟಿನಲ್ಲಿ ನೋಡಿ.

ಮೆಟ್ಟಿಲು ಚಿಕ್ಕದು ಮಾಡಿದರೆ ಜಾಸ್ತಿ ಸಿಗುತ್ತದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಸ್ಟ್ರಾಡಲ್ ನಾಲ್ಕು ಪಟ್ಟು ಕೊಂಡು 25 ಪಾಯಿಂಟಿಗೆ ಇಳಿಸಿದರೆ ಹೋಗಿ ಬರುವ ಒಂದು ಸುತ್ತಿಗೆ ಸಿಗುವುದು 25, ಅದರಲ್ಲಿ ಖರ್ಚೇ 12. ದೊಡ್ಡ ಮೆಟ್ಟಿಲಿಗೆ ಬೇರೆ ಗುಣವಿದೆ. ಹೆಡ್ಜ್ ಮಾಡದೆ ಒಂದೇ ಏಟಿಗೆ 300 ಪಾಯಿಂಟ್ ಹಾರಿದರೆ ಲಾಭ 150 ಅಲ್ಲ, 450, ಏಕೆಂದರೆ ಲಾಭ ದೂರದ ವರ್ಗದಂತೆ ಬೆಳೆಯುತ್ತದೆ. ಬೆಳಗಿನ ಗ್ಯಾಪ್ ಸ್ಟ್ರಾಡಲ್ ಕೊಂಡವರಿಗೆ ಹಬ್ಬ. ಆದರೆ ಅದೇ 300 ನಿಧಾನವಾಗಿ ಏರಿ, ನೀವು ಮೂರು ಕಡೆ ಮಾರಿದ್ದರೆ 150 ಮಾತ್ರ. ಒಂದೇ ದಿಕ್ಕಿನ ಓಟಕ್ಕೆ ದೊಡ್ಡ ಮೆಟ್ಟಿಲು, ಹಿಂದೆ ಮುಂದೆ ಜೀಕುವ ಮಾರ್ಕೆಟ್ಟಿಗೆ ಚಿಕ್ಕದು. ನಾಳೆ ಯಾವುದು ಬರುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಅದಕ್ಕೇ ಲಾಟಿಗೆ ಹೊಂದುವ ಒಂದು ಅಂತರ ಹಿಡಿದು ಕೂರುವುದು.

ಥೀಟಾ ಗೆಲ್ಲುತ್ತಿರುವುದು ಗೊತ್ತಾಗುವುದು ಹೇಗೆ? ದಿನಾ ಮೆಟ್ಟಿಲು ಎಣಿಸಿ ಬರೆದಿಡಿ. ಒಂದು ವಾರ 5, 1, 6, 0, 2 ಬಂತು ಎನ್ನಿ, ಒಟ್ಟು 14. ಸಿಕ್ಕಿದ್ದು 700, ಖರ್ಚು 84, ಥೀಟಾ 905. ಸುಮಾರು 290 ಪಾಯಿಂಟ್ ನಷ್ಟ. ಆರು ಮೆಟ್ಟಿಲಿನ ದಿನದ ಖುಷಿ ಸೊನ್ನೆಯ ದಿನವನ್ನು ಮರೆಸಿಬಿಡುತ್ತದೆ, ಬರೆದಿಟ್ಟ ಲೆಕ್ಕ ಮರೆಸುವುದಿಲ್ಲ. ಸರಾಸರಿ ಎರಡಕ್ಕೇ ನಿಂತರೆ ನಿಫ್ಟಿ ನಿಜವಾಗಿ ಅಲುಗುತ್ತಿರುವುದು ವರ್ಷಕ್ಕೆ 9%ರ ಲೆಕ್ಕದಲ್ಲಿ. ನೀವು ಕೊಟ್ಟದ್ದು 12%ಕ್ಕೆ.

ಐವಿ ಇಳಿದರೆ ಪೆಟ್ಟು ಇನ್ನೂ ಬೇಗ ಬೀಳುತ್ತದೆ. 12 ಇದ್ದದ್ದು 11 ಆದರೆ 11 ಲಾಟಿನ ಮೇಲೆ ಸುಮಾರು 630 ಪಾಯಿಂಟ್ ಹೋಯಿತು, ಅಂದರೆ ಮೂರೂವರೆ ದಿನದ ಥೀಟಾ. ಬಜೆಟ್ಟಿನ ಹಿಂದಿನ ದಿನ ಕೊಳ್ಳುವವರು ಸಿಕ್ಕಿಬೀಳುವುದು ಹೀಗೆಯೇ.

ಎಕ್ಸ್‌ಪೈರಿಗೆ ಐದು ದಿನ ಇರುವಾಗ ನಿಫ್ಟಿ ಸ್ಟ್ರೈಕಿನ ಹತ್ತಿರವೇ ಇದ್ದರೆ ಥೀಟಾ ದುಪ್ಪಟ್ಟು, ಡೆಲ್ಟಾ ಬದಲಾಗುವ ವೇಗವಾದ ಗಾಮಾವೂ ದುಪ್ಪಟ್ಟು. 100 ಪಾಯಿಂಟಿಗೆ ಈಗ ಎರಡು ಲಾಟ್ ಬೇಕು. ಬೇಕಾದ ಮೆಟ್ಟಿಲು ಮಾತ್ರ ಅದೇ ಮೂರೂವರೆ. ಸೊನ್ನೆ ಮೆಟ್ಟಿಲಿನ ಒಂದು ದಿನಕ್ಕೆ ತೆರುವುದು ಆಗ 181 ಅಲ್ಲ, 370. ನಿಫ್ಟಿ ಸ್ಟ್ರೈಕ್ ಬಿಟ್ಟು 800 ಪಾಯಿಂಟ್ ದೂರ ಹೋಗಿದ್ದರೆ ಗಾಮಾವೇ ಉಳಿದಿರುವುದಿಲ್ಲ, ಹಳೇ ಲೆಕ್ಕದಂತೆ 100ಕ್ಕೊಂದು ಲಾಟ್ ಮಾರುತ್ತಾ ಹೋದರೆ ಅದು ಹೆಡ್ಜ್ ಅಲ್ಲ, ಬರೀ ಶಾರ್ಟ್ ಪೊಸಿಷನ್. ಆಗ ಹಳೆಯದನ್ನು ಮುಚ್ಚಿ, ಐವಿ ನೋಡಿ, ಹೊಸ ಸ್ಟ್ರೈಕಿನಲ್ಲಿ ಕೊಳ್ಳಬೇಕೋ ಬೇಡವೋ ಎಂದು ಮತ್ತೆ ಮೊದಲಿನಿಂದ ಎಣಿಸಿ.