ಬಾಟಲಿಯ ಬೆನ್ನು ಓದಿ: ಸಾವಯವ, ಬಯೋಡೈನಾಮಿಕ್, ನ್ಯಾಚುರಲ್ ವೈನ್ ಲೇಬಲ್‌ಗಳ ಒಳಗುಟ್ಟು

ವೈನ್ ಅಂಗಡಿಯ ಕಪಾಟಿನಲ್ಲಿ ಈಗ ಮೂರು ಪದಗಳು ಜಾಸ್ತಿ ಕಾಣಿಸುತ್ತವೆ: ಆರ್ಗ್ಯಾನಿಕ್, ಬಯೋಡೈನಾಮಿಕ್, ನ್ಯಾಚುರಲ್. ಮೂರನ್ನೂ ಒಂದೇ ಅರ್ಥದಲ್ಲಿ ಹೇಳಿ ಮಾರುವವರಿದ್ದಾರೆ. ಆದರೆ ಮೊದಲನೆಯದಕ್ಕೆ ಸರ್ಕಾರದ ಕಾನೂನಿದೆ. ಎರಡನೆಯದಕ್ಕೆ ಖಾಸಗಿ ಸಂಸ್ಥೆಯ ನಿಯಮವಿದೆ. ಮೂರನೆಯದಕ್ಕೆ ಬಹುತೇಕ ಕಡೆ ಏನೂ ಇಲ್ಲ. ಯುರೋಪಿನ, ಅದರಲ್ಲೂ ಫ್ರಾನ್ಸಿನ ಬಾಟಲಿಯನ್ನು ಕೈಗೆತ್ತಿಕೊಂಡಾಗ ಇದನ್ನು ಪತ್ತೆ ಮಾಡುವುದು ಹೇಗೆ ಅಂತ ನೋಡೋಣ.

ಮೊದಲು ಹಸಿರು ಎಲೆ ಹುಡುಕಿ

ಮುಂದಿನ ಲೇಬಲ್ಲಿನಲ್ಲಿ ಕುದುರೆ, ಚಿಟ್ಟೆ, ಹೂವು ಏನೇ ಇರಲಿ, ಸದ್ಯಕ್ಕೆ ಬಿಡಿ. ಬಾಟಲಿ ತಿರುಗಿಸಿ. ಹಸಿರು ಹಿನ್ನೆಲೆಯಲ್ಲಿ ಸಣ್ಣ ಬಿಳಿ ನಕ್ಷತ್ರಗಳನ್ನು ಜೋಡಿಸಿ ಮಾಡಿದ ಎಲೆಯ ಚಿತ್ರ ಇದೆಯಾ? ಅದು ಯುರೋಪಿಯನ್ ಒಕ್ಕೂಟದ ಸಾವಯವ ಗುರುತು. ಅದರ ಹತ್ತಿರವೇ FR-BIO-01 ಎಂಬಂಥ ಒಂದು ಸಂಕೇತ ಇರಬೇಕು. ಮೊದಲ ಎರಡಕ್ಷರ ದೇಶ, ಕೊನೆಯ ಅಂಕಿ ತಪಾಸಣೆ ಮಾಡಿದ ಸಂಸ್ಥೆ. ದ್ರಾಕ್ಷಿ ಎಲ್ಲಿ ಬೆಳೆದದ್ದು ಎಂಬುದೂ ಅಲ್ಲೇ ಬರೆದಿರುತ್ತದೆ. ಎಲೆಯಂಥದ್ದೇ ಒಂದು ಚಿತ್ರ ಇದ್ದು ಸಂಕೇತ ಇಲ್ಲದಿದ್ದರೆ ಅದು ಬರೀ ಅಲಂಕಾರ ಅಂದುಕೊಳ್ಳಿ.

ಈ ಎಲೆ ವೈನಿಗೆ ಸಿಕ್ಕಿದ್ದು 2012ರ ಕೊಯ್ಲಿನಿಂದ. ಅದಕ್ಕೂ ಮೊದಲು 'ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್' ಎಂದಷ್ಟೇ ಬರೆಯಬಹುದಿತ್ತು. ತೋಟಕ್ಕೆ ನಿಯಮ ಇತ್ತು, ವೈನ್ ಮಾಡುವ ಜಾಗಕ್ಕೆ ಇರಲಿಲ್ಲ. ಈಗ ಎರಡಕ್ಕೂ ಇದೆ.

ತೋಟದ ವಿಷಯದಲ್ಲಿ ಎಲೆ ಕೊಡುವ ಭರವಸೆ ಗಟ್ಟಿಯದು. ರಾಸಾಯನಿಕ ಕಳೆನಾಶಕ ಇಲ್ಲ, ಯೂರಿಯಾದಂಥ ಗೊಬ್ಬರ ಇಲ್ಲ. ಹಳೆಯ ತೋಟವನ್ನು ಸಾವಯವಕ್ಕೆ ತಿರುಗಿಸಿದರೆ ಮೂರು ವರ್ಷ ಕಾಯಬೇಕು. ಆದರೆ 'ಏನೂ ಸಿಂಪಡಿಸಿಲ್ಲ' ಅಂತ ಅದು ಹೇಳುವುದಿಲ್ಲ. ಇದನ್ನು ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿತೋಟಗಳಲ್ಲಿ, 1880ರ ದಶಕದಲ್ಲಿ. ಅದೇ ಮೈಲುತುತ್ತ, ಅದೇ ಸುಣ್ಣ. ಅಲ್ಲಿ ಅದು ಬೂಜು ತುಪ್ಪಟ ರೋಗಕ್ಕೆ ಮದ್ದು. ಸಾವಯವ ದ್ರಾಕ್ಷಿಗೂ ಅದಕ್ಕೆ ಅನುಮತಿ ಇದೆ.

ಮಿತಿ ಇಷ್ಟು: ಒಂದು ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕೆಜಿ ತಾಮ್ರ. ಸರಾಸರಿ ವರ್ಷಕ್ಕೆ 4 ಕೆಜಿ. ಮೈಲುತುತ್ತದಲ್ಲಿ ತಾಮ್ರ ಇರುವುದು ಸುಮಾರು ಕಾಲು ಭಾಗ. ಅಂದರೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 16 ಕೆಜಿ, ಎಕರೆಗೆ ಆರೂವರೆ ಕೆಜಿಯಷ್ಟು ಮೈಲುತುತ್ತ. ಮಳೆ ಜಾಸ್ತಿಯಾದ ವರ್ಷ ಹೆಚ್ಚು ಹೊಡೆದು, ಒಣ ವರ್ಷ ಕಡಿಮೆ ಮಾಡಲಿ ಅಂತಲೇ ಏಳು ವರ್ಷದ ಲೆಕ್ಕ ಇಟ್ಟಿದ್ದಾರೆ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಸಾವಯವ ದ್ರಾಕ್ಷಿ ಕೃಷಿಯ ಮೇಲಿನ ನಿಜವಾದ ಟೀಕೆ ಇದೇ, ಮತ್ತು ಅದರಲ್ಲಿ ಹುರುಳಿದೆ.

ಎಲೆಯ ಭರವಸೆ ಎಲ್ಲಿಗೆ ನಿಲ್ಲುತ್ತದೆ?

ದ್ರಾಕ್ಷಿ ತೋಟದಿಂದ ಒಳಗೆ ಬಂದ ಮೇಲೆ ನಿಯಮ ಸ್ವಲ್ಪ ಸಡಿಲ. ಪ್ಯಾಕೆಟ್ ಯೀಸ್ಟ್ ಹಾಕಬಹುದು, ಸೋಸಬಹುದು, ಹುಳಿ ಹೊಂದಿಸಬಹುದು, ಕೆಡದಿರಲು ಸಲ್ಫೈಟ್ ಎಂಬ ಗಂಧಕದ ಸಂಯುಕ್ತ ಸೇರಿಸಬಹುದು. ಸಲ್ಫೈಟಿನ ಮಿತಿ ಮಾತ್ರ ಕಡಿಮೆ. ಸಿಹಿ ಇಲ್ಲದ ಕೆಂಪು ವೈನಿಗೆ ಯುರೋಪಿನ ಸಾಮಾನ್ಯ ಮಿತಿ ಲೀಟರಿಗೆ 150 ಮಿಲಿಗ್ರಾಂ, ಸಾವಯವಕ್ಕೆ 100. ಬಿಳಿ ವೈನಿಗೆ ಸಾಮಾನ್ಯ ಮಿತಿ 200, ಸಾವಯವಕ್ಕೆ 150. ಕಡಿಮೆ ಹೌದು, ಸೊನ್ನೆ ಅಲ್ಲ.

'ಕಂಟೇನ್ಸ್ ಸಲ್ಫೈಟ್ಸ್' ಎಂಬ ಸಾಲು ನೋಡಿ ಗಾಬರಿಯಾಗಬೇಡಿ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಅದನ್ನು ಬರೆಯಲೇಬೇಕು. ಹುದುಗುವಾಗ ಯೀಸ್ಟ್ ತಾನೇ ಒಂದಿಷ್ಟು ಸಲ್ಫೈಟ್ ಮಾಡುತ್ತದೆ. ಹಾಗಾಗಿ ಹೊರಗಿನಿಂದ ಏನೂ ಸೇರಿಸದ ವೈನಿನ ಮೇಲೂ ಈ ಸಾಲು ಬರಬಹುದು. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ನಿಜಕ್ಕೂ ತೊಂದರೆ ಕೊಡುತ್ತದೆ, ಅವರು ಹುಷಾರಾಗಿರಬೇಕು. ಆದರೆ ವೈನ್ ಕುಡಿದು ಬರುವ ತಲೆನೋವಿಗೆಲ್ಲ ಅದೇ ಕಾರಣ ಎನ್ನಲು ಗಟ್ಟಿ ಆಧಾರ ಇಲ್ಲ. ಬಣ್ಣ ಕೆಡದಂತೆ ಗಂಧಕದ ಹೊಗೆ ಕೊಟ್ಟ ಒಣದ್ರಾಕ್ಷಿಗೆ, ಒಣ ಆಪ್ರಿಕಾಟಿಗೆ ಯುರೋಪಿನ ಮಿತಿಯೇ ಕೆಜಿಗೆ 2000 ಮಿಲಿಗ್ರಾಂ. ಅದನ್ನು ತಿಂದು ತಲೆನೋವು ಅಂದವರು ಎಷ್ಟು ಜನ ಇದ್ದಾರೆ?

ಸಸ್ಯಾಹಾರಿಗಳು ಇನ್ನೊಂದು ವಿಷಯ ಗಮನಿಸಬೇಕು. ವೈನ್ ತಿಳಿಯಾಗಲಿ ಅಂತ ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನು, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುವ ಪದ್ಧತಿ ಹಳೆಯದು. ಸಾವಯವ ನಿಯಮ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಮೊಟ್ಟೆ, ಹಾಲಿನ ಅಂಶ ವೈನಿನಲ್ಲಿ ಉಳಿದಿದ್ದರೆ ಅಲರ್ಜಿಯ ಕಾರಣಕ್ಕೆ ಲೇಬಲ್ಲಿನಲ್ಲಿ ಹೇಳಬೇಕು, ಮೀನಿನ ಅಂಟಿಗೆ ಆ ಕಡ್ಡಾಯವೂ ಇಲ್ಲ. ನಿಮಗೆ ಅದು ಮುಖ್ಯ ಅಂದರೆ ಹಸಿರು ಎಲೆ ಸಾಲದು, ವೀಗನ್ ಗುರುತನ್ನೇ ಬೇರೆಯಾಗಿ ನೋಡಬೇಕು.

ಬಯೋಡೈನಾಮಿಕ್: ಯಾರ ಮುದ್ರೆ?

ಇದರ ಮೂಲ 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಕೃಷಿಯ ಬಗ್ಗೆ ಕೊಟ್ಟ ಉಪನ್ಯಾಸಗಳು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಲ್ಲಿ ಹೂಳುತ್ತಾರೆ. ಆಮೇಲೆ ತೆಗೆದು, ಒಂದು ಹಿಡಿಯಷ್ಟನ್ನು ನೀರಿಗೆ ಹಾಕಿ ಒಂದು ಗಂಟೆ ಕಲಕಿ, ಹೊಲಕ್ಕೆ ಚಿಮುಕಿಸುತ್ತಾರೆ. ಇದರ ಹೆಸರು '500'. ದಕ್ಷಿಣ ಭಾರತದ ಕೆಲವು ಕಾಫಿ, ಚಹಾ ತೋಟಗಳಲ್ಲೂ ಈ ಪದ್ಧತಿ ಇದೆ. ಚಂದ್ರನ ಚಲನೆ ನೋಡಿ ಕೆಲಸ ಮಾಡುವುದೂ ಉಂಟು.

ಲೇಬಲ್ಲಿನಲ್ಲಿ ಹುಡುಕಬೇಕಾದ ಹೆಸರು ಡಿಮೀಟರ್, ಇಲ್ಲವೇ ಫ್ರಾನ್ಸಿನವರ ಬಯೋಡಿವಿನ್. ಯುರೋಪಿನಲ್ಲಿ ಡಿಮೀಟರ್ ಮುದ್ರೆ ಬೇಕಾದರೆ ಮೊದಲು ಸಾವಯವ ಪ್ರಮಾಣಪತ್ರ ಇರಲೇಬೇಕು. ಅಂದರೆ ಈ ಮುದ್ರೆ ಎಲೆಯ ಮೇಲಿನ ಇನ್ನೊಂದು ಮೆಟ್ಟಿಲು. ವೈನ್ ಮಾಡುವ ಹಂತದ ನಿಯಮಗಳೂ ಸಾವಯವಕ್ಕಿಂತ ಬಿಗಿ.

ಹಾಗಾದರೆ ಇದು ಏನನ್ನು ಖಾತ್ರಿ ಮಾಡುತ್ತದೆ? ಆ ಪದ್ಧತಿ ಪಾಲಿಸಿದ್ದಾರೆ ಎಂಬುದನ್ನು ಮಾತ್ರ. ಕೊಂಬಿನ ಗೊಬ್ಬರ ಹಾಕಿದ್ದು ನಿಜ ಅಂತ ತಪಾಸಕರು ಹೇಳಬಲ್ಲರು. ಅದರಿಂದ ವೈನ್ ರುಚಿಯಾಯಿತು ಅಂತ ಯಾವ ಮುದ್ರೆಯೂ ಹೇಳುವುದಿಲ್ಲ. ನನ್ನ ಅನಿಸಿಕೆ ಕೇಳಿದರೆ, ಕೊಂಬಿಗಿಂತ ಹೆಚ್ಚು ಕೆಲಸ ಮಾಡುವುದು ಅಷ್ಟು ಶ್ರದ್ಧೆಯಿಂದ ದಿನಾ ತೋಟ ಸುತ್ತುವ ಮನುಷ್ಯ.

ನ್ಯಾಚುರಲ್: ಇಲ್ಲಿ ಎಚ್ಚರ ಬೇಕು

ಈ ಪದಕ್ಕೆ ಯುರೋಪಿನ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. 'ನಮ್ಮದು ನ್ಯಾಚುರಲ್' ಅಂತ ಅಂಗಡಿಯವರು ಹೇಳಿದರೆ ಅದನ್ನು ಅಳೆಯುವ ಅಳತೆಗೋಲು ಇಲ್ಲ ಅಂತಾಯಿತು. ಇದಕ್ಕೊಂದು ಪರಿಹಾರ 2020ರಲ್ಲಿ ಫ್ರಾನ್ಸಿನಲ್ಲೇ ಬಂತು. ಅಲ್ಲಿನ ಬೆಳೆಗಾರರ ಸಂಘವೊಂದು 'ವ್ಯಾಂ ಮೆತೋದ್ ನಾತ್ಯೂರ್' ಎಂಬ ಗುರುತು ಮತ್ತು ನಿಯಮಪಟ್ಟಿ ಮಾಡಿತು. ದ್ರಾಕ್ಷಿ ಪ್ರಮಾಣೀಕೃತ ಸಾವಯವ ತೋಟದ್ದಾಗಿರಬೇಕು. ಕೈಯಲ್ಲೇ ಕೊಯ್ಯಬೇಕು. ದ್ರಾಕ್ಷಿಯ ಮೇಲೂ ವೈನ್ ಮಾಡುವ ಜಾಗದಲ್ಲೂ ತಾನಾಗಿ ಇರುವ ಯೀಸ್ಟಿನಿಂದಲೇ ಹುದುಗಬೇಕು. ಸ್ವಲ್ಪ ಸಲ್ಫೈಟ್ ಬಿಟ್ಟರೆ ಬೇರೆ ಏನೂ ಸೇರಿಸುವಂತಿಲ್ಲ. ಇದರಲ್ಲಿ ಎರಡು ಬಗೆಯ ಲೋಗೋ ಇವೆ: ಒಂದು ಸಲ್ಫೈಟ್ ಸೇರಿಸದ ವೈನಿಗೆ, ಇನ್ನೊಂದು ಲೀಟರಿಗೆ 30 ಮಿಲಿಗ್ರಾಂ ಒಳಗೆ ಇರುವುದಕ್ಕೆ. ಇದು ಖಾಸಗಿ ಒಪ್ಪಂದ, ಸೇರುವುದು ಬಿಡುವುದು ಅವರಿಷ್ಟ. ಎಷ್ಟೋ ಒಳ್ಳೆಯ ನ್ಯಾಚುರಲ್ ವೈನ್ ಮಾಡುವವರು ಸೇರಿಯೇ ಇಲ್ಲ.

ಈಗ ಒಂದು ಬಾಟಲಿ ಓದೋಣ

ಉದಾಹರಣೆಗೆ ಹೀಗೊಂದು ಬಾಟಲಿ ಅಂದುಕೊಳ್ಳಿ. ಲುವಾರ್ ಕಣಿವೆಯ ಬಿಳಿ ವೈನ್, ಸಿಹಿ ಇಲ್ಲದ್ದು, 2024ರ ಕೊಯ್ಲು. ಮುಂದೆ ನೇಗಿಲು ಎಳೆಯುವ ಕುದುರೆ. ಹಿಂದೆ ಹಸಿರು ಎಲೆ, FR-BIO-01, 'ಚಂದ್ರನ ಲಯಕ್ಕೆ ತಕ್ಕಂತೆ ಬೆಳೆದದ್ದು' ಎಂಬ ಒಂದು ಸಾಲು, ಸಲ್ಫೈಟಿನ ಸಾಲು, ಕೊನೆಗೆ ಒಂದು ಕ್ಯೂಆರ್ ಕೋಡ್.

ಎಲೆ, ಸಂಕೇತ ಎರಡೂ ಇವೆ, ಹಾಗಾಗಿ ತೋಟ ಸಾವಯವ ಎಂಬುದು ಖಚಿತ. ಸಲ್ಫೈಟ್ 150 ಮಿಲಿಗ್ರಾಂ ದಾಟಿಲ್ಲ. ಚಂದ್ರನ ಸಾಲಿಗೆ ಡಿಮೀಟರ್ ಅಥವಾ ಬಯೋಡಿವಿನ್ ಮುದ್ರೆ ಜೊತೆಗಿಲ್ಲ, ಆದ್ದರಿಂದ ಅದು ಬೆಳೆಗಾರನ ಬಾಯಿಮಾತು. ಕುದುರೆ ಬರೀ ಚಿತ್ರ.

ಇನ್ನು ಫೋನ್ ತೆಗೆದು ಕೋಡ್ ಸ್ಕ್ಯಾನ್ ಮಾಡಿ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನಿಗೆ ಯುರೋಪಿನಲ್ಲಿ ಪದಾರ್ಥಗಳ ಪಟ್ಟಿ ಕಡ್ಡಾಯ, ಕೋಡ್ ಮೂಲಕ ಕೊಟ್ಟರೂ ಸಾಕು. ಪಟ್ಟಿಯಲ್ಲಿ 'ದ್ರಾಕ್ಷಿ, ಸಲ್ಫೈಟ್' ಎಂದಷ್ಟೇ ಇದ್ದರೆ ಬೆರೆಸಿದ್ದು ಕಡಿಮೆ. ಟಾರ್ಟಾರಿಕ್ ಆಮ್ಲ (E334), ಅಕೇಶಿಯಾ ಗೋಂದು (E414) ಅಂತೆಲ್ಲ ಇದ್ದರೆ ಸಾವಯವ ಹೌದು, ಆದರೆ 'ಏನೂ ಸೇರಿಸಿಲ್ಲ' ಎಂಬ ಮಾತು ಸುಳ್ಳು. ಒಂದು ಕೊರತೆ ಇದೆ: ಹಾಕಿದ ಯೀಸ್ಟು, ತಿಳಿ ಮಾಡಲು ಬಳಸಿದ ಅಂಟು ಈ ಪಟ್ಟಿಯಲ್ಲಿ ಬರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ 'ಆರ್ಗ್ಯಾನಿಕ್ ವೈನ್' ಅಂದರೆ ಸಲ್ಫೈಟ್ ಸೇರಿಸುವಂತೆಯೇ ಇಲ್ಲ. ಸೇರಿಸಿದರೆ 'ಮೇಡ್ ವಿತ್ ಆರ್ಗ್ಯಾನಿಕ್ ಗ್ರೇಪ್ಸ್' ಅಂತ ಬರೆಯಬೇಕು, ಅದಕ್ಕೆ ಮಿತಿ 100. ಹಾಗಾಗಿ ಪ್ಯಾರಿಸ್ಸಿನಲ್ಲಿ ಸಾವಯವ ಅನಿಸಿಕೊಂಡ ಅದೇ ವೈನ್ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಹೆಸರಲ್ಲಿ ಕಾಣಿಸಬಹುದು. ಮೋಸ ಅಲ್ಲ, ಕಾನೂನು ಬೇರೆ.

ಮುಚ್ಚಳ ತೆಗೆದ ಮೇಲೆ

ಸಲ್ಫೈಟ್ ಇಲ್ಲದ ವೈನ್ ಬೇಗ ಕೆಡುತ್ತದೆ, ಸಾಗಿಸುವಾಗ ಬಿಸಿಲು ತಗುಲಿದರಂತೂ ಇನ್ನೂ ಬೇಗ. ಮಸುಕಾಗಿದ್ದರೆ ತಪ್ಪಲ್ಲ, ಸೋಸಿಲ್ಲ ಅಷ್ಟೇ. ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ತಪ್ಪು. ಪತ್ತೆ ಮಾಡಲು ಕಷ್ಟವಾದದ್ದು ಇಲಿ ವಾಸನೆ ಅಂತ ಕರೆಯುವ ದೋಷ. ಗ್ಲಾಸ್ ಮೂಸಿದಾಗ ಗೊತ್ತೇ ಆಗುವುದಿಲ್ಲ, ಯಾಕಂದರೆ ವೈನಿನ ಹುಳಿಯಲ್ಲಿ ಅದು ಆವಿಯಾಗಿ ಮೇಲೇಳುವುದಿಲ್ಲ. ನುಂಗಿ ಕೆಲವು ಸೆಕೆಂಡ್ ಆದ ಮೇಲೆ, ಎಂಜಲು ಸೇರಿ ಹುಳಿ ಇಳಿದಾಗ, ಗಂಟಲ ಹಿಂದಿನಿಂದ ಏಳುತ್ತದೆ. ಆದ್ದರಿಂದ ಬಾರಿನಲ್ಲಿ ಮೊದಲ ಗುಟುಕು ಕೊಟ್ಟು 'ಓಕೆನಾ?' ಅಂತ ಕೇಳಿದರೆ ತಕ್ಷಣ ತಲೆಯಾಡಿಸಬೇಡಿ. ಅರ್ಧ ನಿಮಿಷ ಕಾಯಿರಿ. ಎಲ್ಲರಿಗೂ ಈ ವಾಸನೆ ಗೊತ್ತಾಗುವುದಿಲ್ಲ, ಪಕ್ಕದವರಿಗೂ ಒಂದು ಗುಟುಕು ಕೊಡಿ. 'ನ್ಯಾಚುರಲ್ ಅಂದ್ರೆ ಹೀಗೇ ಇರುತ್ತೆ ಸಾರ್' ಅಂತ ಉತ್ತರ ಬಂದರೆ ಒಪ್ಪಿಕೊಳ್ಳಬೇಡಿ. ಬೇರೆ ಬಾಟಲಿ ಕೇಳಿ.