0.2 ಅಂಕದ ಫರಕು: ಮೂವರು ಚೀಲದ ಸಪ್ಲೈಯರ್‌ಗಳಲ್ಲಿ ಒಬ್ಬರನ್ನು ಆರಿಸಿದ್ದು ಹೀಗೆ

ಯಜಮಾನರು ನನ್ನ ಹಾಳೆಯನ್ನು ಒಮ್ಮೆ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಪ್ಪಾ, ಒಂದು ವಾರ ಕುಂತು ಮಾಡಿದ್ದು ಇದಾ? ಒಬ್ಬನಿಗೆ 81.2, ಇನ್ನೊಬ್ಬನಿಗೆ 81.4. ಕಾಲು ಅಂಕನೂ ಫರಕಿಲ್ಲ. ಹಂಗಾದ್ರೆ ನಮ್ಮೂರೋನಿಗೇ ಕೊಟ್ಬಿಡು."

ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ನಮ್ಮದು ದಾವಣಗೆರೆ ಹೊರಗಿನ ಒಂದು ಸಣ್ಣ ಪಶು ಆಹಾರ ಘಟಕ. ಸುತ್ತಲೂ ಮೆಕ್ಕೆಜೋಳ ಬೆಳೆಯುವ ಸೀಮೆ, ಹಾಗಾಗಿ ಕಚ್ಚಾ ಮಾಲಿಗೆ ತೊಂದರೆಯಿಲ್ಲ. ತಲೆನೋವು ಚೀಲದ್ದು. ತಿಂಗಳಿಗೆ ಸುಮಾರು 8,000 ಪ್ಲಾಸ್ಟಿಕ್ ನೇಯ್ಗೆ ಚೀಲ ಬೇಕು, 50 ಕೆ.ಜಿ. ಹಿಡಿಯುವಂಥವು. ಹಳೆಯ ಸಪ್ಲೈಯರ್ ತೆರಿಗೆ, ಬಾಡಿಗೆ ಎಲ್ಲ ಸೇರಿದ ರೇಟನ್ನು 14 ರೂಪಾಯಿಗೆ ಏರಿಸಿದ ಮೇಲೆ ಹೊಸಬರನ್ನು ಹುಡುಕಲು ಹೇಳಿದರು. ಕೊಟೇಶನ್ ಕೊಟ್ಟವರು ಮೂವರು. ದಾವಣಗೆರೆಯ ಒಬ್ಬ ಡೀಲರ್, ಹುಬ್ಬಳ್ಳಿಯ ಒಂದು ಕಾರ್ಖಾನೆ, ಬೆಂಗಳೂರಿನ ಒಂದು ಕಾರ್ಖಾನೆ. ಹೆಸರು ಬೇಡ, ಊರಿನ ಹೆಸರಲ್ಲೇ ಕರೆಯುತ್ತೇನೆ.

ಕೊಟೇಶನ್ ಲಕೋಟೆ ಒಡೆಯುವ ಮುಂಚೆ ಒಂದು ಕೆಲಸ ಮಾಡಿದ್ದೆ, ಅದು ಮಾತ್ರ ಸರಿಯಾಗಿತ್ತು. ನಾಲ್ಕು ಸ್ಟೀಲ್ ಲೋಟ ಇಟ್ಟು ಬೆಲೆ, ಗುಣಮಟ್ಟ, ಡೆಲಿವರಿ, ಷರತ್ತು ಎಂದು ಚೀಟಿ ಅಂಟಿಸಿದೆ. ಷರತ್ತು ಅಂದರೆ ಉದ್ರಿ ಎಷ್ಟು ದಿನ, ಕನಿಷ್ಠ ಎಷ್ಟು ಚೀಲ ಎತ್ತಬೇಕು ಎನ್ನುವುದು. ಯಜಮಾನರಿಗೆ, ಪ್ಲಾಂಟ್ ಸೂಪರ್‌ವೈಸರ್ ಅಣ್ಣನಿಗೆ, ನನಗೆ ತಲಾ 100 ಮೆಕ್ಕೆಜೋಳದ ಕಾಳು. ಯಾವುದು ಎಷ್ಟು ಮುಖ್ಯವೋ ಅಷ್ಟು ಕಾಳು ಆ ಲೋಟಕ್ಕೆ. ಒಬ್ಬರು ಹಾಕುವುದನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಬೆಲೆಗೆ ಯಜಮಾನರು 55 ಹಾಕಿದರು, ಸೂಪರ್‌ವೈಸರ್ ಬರೀ 20, ನಾನು 30. ದಿನಾ ಒಡೆದ ಚೀಲ ಗುಡಿಸುವವನು ಅವನೇ ಅಲ್ವಾ, ಅವನ ಕಾಳು ಗುಣಮಟ್ಟದ ಲೋಟಕ್ಕೆ ಬಿದ್ದವು. ಮೂವರದ್ದನ್ನೂ ಸೇರಿಸಿ ಸರಾಸರಿ ತೆಗೆದಾಗ ಬೆಲೆಗೆ 35, ಗುಣಮಟ್ಟಕ್ಕೆ 30, ಡೆಲಿವರಿಗೆ 20, ಷರತ್ತಿಗೆ 15 ಪಾಲು ಬಂತು. ಹಾಳೆಯ ಮೇಲೆ ತಾರೀಖು ಹಾಕಿ ಮೂವರೂ ಸಹಿ ಮಾಡಿದೆವು. ರೇಟು ನೋಡಿದ ಮೇಲೆ ಪಾಲು ಹಾಕಲು ಕೂತರೆ, ಮನಸ್ಸಲ್ಲಿ ಆಗಲೇ ಗೆದ್ದವನಿಗೆ ಕೈ ತಾನಾಗಿಯೇ ವಾಲುತ್ತದೆ.

ಆಮೇಲೆ ಬೆಲೆ. ಕೊಟೇಶನ್‌ನ ಮೇಲಿನ ರೇಟನ್ನೇ ಹೋಲಿಸುವ ಹಾಗಿಲ್ಲ. ಪಶು ಆಹಾರಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಚೀಲಕ್ಕೆ ನಾವು ಕಟ್ಟುವ 18% ತೆರಿಗೆ ವಾಪಸ್ ಬರುವುದಿಲ್ಲ, ಪೂರ್ತಿ ನಮ್ಮ ಖರ್ಚೇ. ಅದನ್ನೂ ಲಾರಿ ಬಾಡಿಗೆಯನ್ನೂ ಸೇರಿಸಿ, ನಮ್ಮ ಗೋಡೌನಿಗೆ ಬಂದು ಬೀಳುವಾಗ ಒಂದು ಚೀಲಕ್ಕೆ ಎಷ್ಟು ಎಂದು ಲೆಕ್ಕ ಹಾಕಿದೆ. ದಾವಣಗೆರೆಯವರದ್ದು 11.40 ರೂಪಾಯಿ ಇದ್ದದ್ದು 13.45 ಆಯಿತು. ಹುಬ್ಬಳ್ಳಿಯದು 10.60, ಅದು 12.76ಕ್ಕೆ ಬಂದು ನಿಂತಿತು. ಬೆಂಗಳೂರಿನದು 9.80, ಎಲ್ಲ ಸೇರಿ 11.96.

ಉಳಿದ ಮೂರಕ್ಕೆ 10ರೊಳಗೆ ಅಂಕ ಕೊಡುವಾಗ ಯಾವ ಅಂಕಕ್ಕೆ ಏನು ಅರ್ಥ ಎಂದು ಮೊದಲೇ ಬರೆದುಕೊಂಡಿದ್ದೆ. ಡೆಲಿವರಿಯಲ್ಲಿ ಮಾರನೇ ದಿನ ಬಂದರೆ 10, ಒಂದು ವಾರದೊಳಗೆ 7, ಎರಡು ವಾರದೊಳಗೆ 4. ಹೀಗೆ ಬರೆಯದಿದ್ದರೆ "ಚೆನ್ನಾಗಿದೆ, 8 ಕೊಡು" ಅನ್ನುವ ಬಾಯಿ ಅಂಕ ಆಗಿಬಿಡುತ್ತದೆ. ಡೆಲಿವರಿಯಲ್ಲಿ ದಾವಣಗೆರೆ 10, ಹುಬ್ಬಳ್ಳಿ 7, ಬೆಂಗಳೂರು 4. ಷರತ್ತಿನಲ್ಲಿ 8, 7, 3. ಬೆಂಗಳೂರಿನವರು ಅರ್ಧ ದುಡ್ಡು ಮುಂಗಡ ಕೇಳಿದ್ದರು, 20,000 ಚೀಲಕ್ಕಿಂತ ಕಮ್ಮಿ ಕೊಡುವುದಿಲ್ಲ ಎಂದಿದ್ದರು.

ಗುಣಮಟ್ಟಕ್ಕೆ ಅವರು ಕಳಿಸಿದ ಸ್ಯಾಂಪಲ್ ನಂಬಲಿಲ್ಲ. ಸ್ಯಾಂಪಲ್ ಯಾವಾಗಲೂ ಮದುಮಗನ ಹಾಗೆ ಸಿಂಗಾರ ಮಾಡಿಕೊಂಡೇ ಬರುತ್ತದೆ. ಮೂವರ ಹಾಲಿ ಗಿರಾಕಿಗಳ ಹತ್ತಿರ ಹೋಗಿ, ಬಳಸುತ್ತಿದ್ದ ಬೇಲ್ ಕಟ್ಟಿನಿಂದಲೇ ತಲಾ 20 ಹೊಸ ಚೀಲ ದುಡ್ಡು ಕೊಟ್ಟು ತಂದೆ. ಅಡುಗೆ ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದೊಂದನ್ನೇ ಇಟ್ಟು ತೂಗಿದೆ. ನಾವು ಕೇಳಿದ್ದು 72 ಗ್ರಾಂ ಚೀಲ. ಹುಬ್ಬಳ್ಳಿಯವು 71ರಿಂದ 73ರೊಳಗೆ ಇದ್ದವು. ದಾವಣಗೆರೆಯ ಡೀಲರ್ ಬೇರೆಬೇರೆ ಕಡೆ ತಂದು ಮಾರುವವರು, ಅವರ ಚೀಲ 64ರಿಂದ 74ರವರೆಗೆ ಓಡಾಡಿದವು. ಸರಾಸರಿ 69. ಬೆಂಗಳೂರಿನವರ ಸ್ಯಾಂಪಲ್ 72 ತೂಗಿತ್ತು. ಗಿರಾಕಿ ಹತ್ತಿರ ತಂದದ್ದು ಸರಾಸರಿ 66.

ಆಮೇಲೆ ಪ್ರತಿಯೊಬ್ಬರದ್ದೂ ಹತ್ತು ಚೀಲಕ್ಕೆ 50 ಕೆ.ಜಿ. ತುಂಬಿ ಹೊಲಿಸಿದೆವು. ಇಬ್ಬರು ಹಮಾಲರು ಎದೆಮಟ್ಟಕ್ಕೆ ಎತ್ತಿ ಒಮ್ಮೆ ಮಗ್ಗುಲಾಗಿ, ಒಮ್ಮೆ ತಳ ಕೆಳಗೆ ಮಾಡಿ ಬಿಟ್ಟರು. ಹುಬ್ಬಳ್ಳಿಯದು ಒಂದೂ ಒಡೆಯಲಿಲ್ಲ. ದಾವಣಗೆರೆಯದು ಒಂದು, ಬೆಂಗಳೂರಿನದು ಎರಡು ತಳದ ಹೊಲಿಗೆಯಲ್ಲಿ ಬಿಚ್ಚಿಕೊಂಡವು. ಹತ್ತು ಚೀಲದ ಪರೀಕ್ಷೆಯಿಂದ ನೂರಕ್ಕೆ ಎಷ್ಟು ಒಡೆಯುತ್ತವೆ ಎಂದು ಹೇಳಲಾಗದು. ತೀರಾ ಕೆಟ್ಟದ್ದು ಯಾವುದು ಅಂತ ಮಾತ್ರ ಗೊತ್ತಾಗುತ್ತದೆ. ಅಂಕ: ಹುಬ್ಬಳ್ಳಿ 8, ದಾವಣಗೆರೆ 6, ಬೆಂಗಳೂರು 4.

ಮೊದಲ ಹಾಳೆ ಕೆಟ್ಟದ್ದು ಬೆಲೆಯ ಅಂಕದಲ್ಲಿ. ಎಲ್ಲರೂ ಬಳಸುವ ಸೂತ್ರವನ್ನೇ ಹಾಕಿದ್ದೆ: ಎಲ್ಲಕ್ಕಿಂತ ಕಮ್ಮಿ ಬೆಲೆಯನ್ನು ಅವರವರ ಬೆಲೆಯಿಂದ ಭಾಗಿಸಿ 10ರಿಂದ ಗುಣಿಸುವುದು. ಬೆಂಗಳೂರಿಗೆ 10, ಹುಬ್ಬಳ್ಳಿಗೆ 9.4, ದಾವಣಗೆರೆಗೆ 8.9. ಒಟ್ಟಿನಲ್ಲಿ ಹುಬ್ಬಳ್ಳಿಗೆ 81.4, ದಾವಣಗೆರೆಗೆ 81.2 ಬಂದದ್ದು ಹೀಗೆ. ಚೀಲಕ್ಕೆ ಒಂದೂವರೆ ರೂಪಾಯಿ ಜಾಸ್ತಿ ಇದ್ದವರಿಗೂ ಹೋದದ್ದು ಬರೀ 1.1 ಅಂಕ! ಈ ಸೂತ್ರದಲ್ಲಿ ಸೊನ್ನೆ ಅಂಕ ಯಾರಿಗೂ ಬರುವುದೇ ಇಲ್ಲ, ಎಲ್ಲರೂ 9ರ ಆಸುಪಾಸಿನಲ್ಲೇ ಗುಂಪು ಕಟ್ಟುತ್ತಾರೆ. ಡೆಲಿವರಿಯಲ್ಲಾದರೆ 10ರಿಂದ 4ರವರೆಗೆ ಹರಡಿದೆ. ಹೆಸರಿಗೆ ಬೆಲೆಗೆ 35 ಪಾಲು, ಆದರೆ ಮೂವರ ನಡುವೆ ಅದು ತಂದ ವ್ಯತ್ಯಾಸ 100ಕ್ಕೆ 4 ಅಂಕದಷ್ಟೂ ಇಲ್ಲ. ಯಜಮಾನರು ಹಾಕಿದ ಕಾಳೆಲ್ಲ ಸುಮ್ನೆ ಹೋಗಿತ್ತು.

ಎರಡನೇ ಸಲ ಬೇರೆ ಅಳತೆ ಹಿಡಿದೆ. ಹಳೆಯ ಸಪ್ಲೈಯರ್‌ನ 14 ರೂಪಾಯಿಗೆ ಸೊನ್ನೆ, ಎಲ್ಲಕ್ಕಿಂತ ಕಮ್ಮಿ ಬೆಲೆಗೆ 10, ನಡುವಿನದ್ದಕ್ಕೆ ದುಡ್ಡಿನ ಲೆಕ್ಕದಲ್ಲೇ ಅಂಕ. ಬೆಂಗಳೂರಿಗೆ 10, ಹುಬ್ಬಳ್ಳಿಗೆ 6.1, ದಾವಣಗೆರೆಗೆ 2.7 ಬಂತು. ಎಕ್ಸೆಲ್‌ನಲ್ಲಿ C7ರಿಂದ E7ರವರೆಗೆ ಬೆಲೆ, B2ರಿಂದ B5ರವರೆಗೆ ಪಾಲು, C2ರಿಂದ E5ರವರೆಗೆ ಅಂಕ ಇದ್ದವು. ಮೊದಲನೆಯದು ಬೆಲೆಯ ಅಂಕ, ಎರಡನೆಯದು ಒಟ್ಟು:

```
=ROUND(10*(14-C7)/(14-MIN($C$7:$E$7)),1)
=SUMPRODUCT($B$2:$B$5,C2:C5)/10
```

ಈಗ ಹುಬ್ಬಳ್ಳಿ 69.9. ದಾವಣಗೆರೆ, ಬೆಂಗಳೂರು ಎರಡೂ 59.5. ಅಳತೆ ಬದಲಿಸಿದ್ದು ರೇಟು ನೋಡಿದ ಮೇಲೆ, ಅದನ್ನು ಮುಚ್ಚಿಡಲಿಲ್ಲ. ವರದಿಯಲ್ಲಿ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು, ಯಾಕೆ ಬದಲಿಸಿದೆ ಎಂದು ಮೂರು ಸಾಲು ಬರೆದೆ. ಎರಡರಲ್ಲೂ ಹುಬ್ಬಳ್ಳಿಯೇ ಮೇಲೆ ಇತ್ತು, ಅಷ್ಟು ಧೈರ್ಯ.

ಯಜಮಾನರು ಈ ಸಲ ಕ್ಯಾಲ್ಕ್ಯುಲೇಟರ್ ತೆಗೆದುಕೊಂಡರು. "ನಾನು ಬೆಲೆಗೆ 55 ಹಾಕಿದ್ದೆ. ನನ್ನ ಕಾಳಿನ ಪ್ರಕಾರ ನೋಡಿದ್ರೆ?" ನೋಡಿದೆವು. ಹುಬ್ಬಳ್ಳಿಗೆ 67, ಬೆಂಗಳೂರಿಗೆ 71.5. ಅವರ ಲೆಕ್ಕದಲ್ಲಿ ಬೆಂಗಳೂರೇ ಗೆದ್ದಿತು. "ಮತ್ತೆ? ತಿಂಗಳಿಗೆ ಆರು ಸಾವಿರದ ನಾನೂರು ರೂಪಾಯಿ ಉಳಿಯುತ್ತೆ."

ಅಲ್ಲಿ ನನ್ನ ಎರಡನೇ ತಪ್ಪು ಗೊತ್ತಾಯಿತು. 66 ಗ್ರಾಂ ಚೀಲವನ್ನು 72 ಗ್ರಾಂ ಚೀಲದ ಜೊತೆ ಬೆಲೆಯ ಓಟಕ್ಕೆ ನಿಲ್ಲಿಸಿದ್ದೇ ತಪ್ಪು. ಗ್ರಾಂ ಲೆಕ್ಕದಲ್ಲಿ ನೋಡಿದರೆ ಬೆಂಗಳೂರಿನ 9.80 ಅಂದರೆ ಗ್ರಾಮಿಗೆ 14.8 ಪೈಸೆ, ಹುಬ್ಬಳ್ಳಿಯ 10.60 ಅಂದರೆ 14.7 ಪೈಸೆ. ಅವರು ಅಗ್ಗ ಅಲ್ಲವೇ ಅಲ್ಲ, ಪ್ಲಾಸ್ಟಿಕ್ ಕಮ್ಮಿ ಹಾಕಿದ್ದಾರೆ ಅಷ್ಟೇ. ಅದೇ ದರದಲ್ಲಿ 72 ಗ್ರಾಂ ಚೀಲ ಕೊಟ್ಟರೆ ನಮ್ಮ ಗೋಡೌನಿಗೆ ಬರುವಾಗ 13 ರೂಪಾಯಿ ದಾಟುತ್ತದೆ. ಅಂಕ ಹಾಕುವ ಮುಂಚೆಯೇ "20 ಚೀಲದ ಸರಾಸರಿ 70 ಗ್ರಾಮಿಗಿಂತ ಕಮ್ಮಿ ಇದ್ದರೆ ಹೊರಗೆ" ಎಂದು ಒಂದು ಹೊಸ್ತಿಲು ಇಡಬೇಕಿತ್ತು. ಆ ಹೊಸ್ತಿಲು ಇಟ್ಟಿದ್ದರೆ 69 ಗ್ರಾಮಿನ ದಾವಣಗೆರೆಯವರೂ ಕೂದಲೆಳೆಯಲ್ಲಿ ಹೊರಗೆ ಬೀಳುತ್ತಿದ್ದರು, ಅದನ್ನೂ ಬರೆದೆ.

ಕೊನೆಗೆ ವರದಿಯ ಆಯ್ಕೆಯ ಕಾರಣದ ಜಾಗದಲ್ಲಿ "ಹೆಚ್ಚು ಅಂಕ ಬಂದಿದೆ" ಎಂದು ಬರೆಯಲಿಲ್ಲ. ಯಾವಾಗ ಈ ತೀರ್ಮಾನ ತಿರುಗುತ್ತದೆ ಎಂದು ಬರೆದೆ. ಉಳಿದ ಪಾಲುಗಳನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಾ ಬೆಲೆಯ ಪಾಲನ್ನು ಏರಿಸಿದರೆ, 49ರ ಹತ್ತಿರ ಬೆಂಗಳೂರು ಹುಬ್ಬಳ್ಳಿಯನ್ನು ದಾಟುತ್ತದೆ. ಆದರೆ ಆ ಗೆಲುವು ತೆಳು ಚೀಲದ್ದು, ಹಾಗಾಗಿ ಒಪ್ಪುವ ಹಾಗಿಲ್ಲ. ಡೆಲಿವರಿಯ ಪಾಲು 41ಕ್ಕೆ ಏರಿದರೆ ದಾವಣಗೆರೆ ಗೆಲ್ಲುತ್ತದೆ. ಇದು ಮಾತ್ರ ನಿಜವಾದ ಸಾಧ್ಯತೆ. ನಮ್ಮ ಗೋಡೌನಿನಲ್ಲಿ ಹದಿನೈದು ದಿನದ ಚೀಲ ಇಡಲು ಜಾಗ ಇರುವವರೆಗೆ ಹುಬ್ಬಳ್ಳಿ ಸರಿ. ಆ ಜಾಗ ಮೆಕ್ಕೆಜೋಳಕ್ಕೆ ಹೋದ ದಿನ ಈ ಹಾಳೆ ಮತ್ತೆ ತೆಗೆಯಬೇಕು. ಅದಕ್ಕೇ ಶಿಫಾರಸು ಹೀಗೆ ಮಾಡಿದೆ: ಹುಬ್ಬಳ್ಳಿಗೆ ಮೂರು ತಿಂಗಳ ಆರ್ಡರ್, ತುರ್ತು ಬಿದ್ದಾಗ ಸಾವಿರ ಚೀಲದಂತೆ ಊರಿನ ಡೀಲರ್ ಹತ್ತಿರ.

ಯಜಮಾನರು ಸಹಿ ಹಾಕಿದರು. ಊರಿನ ಡೀಲರ್‌ಗೆ ವಿಷಯ ಹೇಳಲು ನಾನೇ ಹೋದೆ. ಮಂಡಕ್ಕಿ ಮಿರ್ಚಿ ತರಿಸಿದರು, ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. "64 ಗ್ರಾಂ ಅಂದ್ರಲ್ಲ, ಅದು ಯಾವ ಬೇಲಿಂದು, ನಂಬರ್ ಇದೆಯಾ?" ಎಂದು ಕೇಳಿದರು. ನಾನು ಬರೆದುಕೊಂಡಿರಲಿಲ್ಲ.

ಹುಬ್ಬಳ್ಳಿಯ ಮೊದಲ ಲೋಡ್ ಬಂದ ದಿನ ಬೇಲ್ ನಂಬರ್ ಬರೆದುಕೊಂಡು, ಬಿಚ್ಚಿ, 20 ಚೀಲ ತೂಗಿದೆ. ಒಟ್ಟು 1,430 ಗ್ರಾಂ.